ಕ್ಲಬ್ ಬಿಟ್ಟರೆ ಮೊದಲ ಮನೆ ಖಾಲಿಯಾಗುತ್ತಾ?

ಪ್ರಶ್ನೆ: ತುರ್ತು, ಮುಖ್ಯ ಅಂತ ಹಾಳೆಯಲ್ಲಿ ನಾಲ್ಕು ಮನೆ ಹಾಕಿ ಪ್ರತಿ ಭಾನುವಾರ ವಾರದ ಪ್ಲಾನ್ ಬರೆಯುತ್ತೇನೆ. ಅಸೈನ್‌ಮೆಂಟ್, ಇಂಟರ್ನಲ್ಸ್, ಕ್ಲಬ್ ಕೆಲಸ ಎಲ್ಲಾ 'ತುರ್ತು ಮತ್ತು ಮುಖ್ಯ' ಅನ್ನುವ ಮೊದಲ ಮನೆಯಲ್ಲೇ ತುಂಬಿಕೊಳ್ಳುತ್ತೆ. ಕ್ಲಬ್ ಬಿಟ್ಟುಬಿಡಲಾ?

ಬಿಡಬೇಡಿ. ನಾನು ಬಿಟ್ಟು ನೋಡಿದ್ದೇನೆ, ಆ ಮನೆ ಖಾಲಿಯಾಗಲಿಲ್ಲ.

ಎಲೆಕ್ಟ್ರಾನಿಕ್ಸ್ ಓದುತ್ತಿದ್ದೆ. ಫೆಸ್ಟ್‌ಗೆ ಸ್ಪಾನ್ಸರ್ ಹುಡುಕುವ ಕೆಲಸ ನನ್ನದು. ಮೊದಲ ಇಂಟರ್ನಲ್ಸ್‌ಗೆ ಮೂರು ವಾರ ಇದ್ದಾಗ, ಮುಖ್ಯ ಆದರೆ ತುರ್ತಲ್ಲ ಅನ್ನುವ ಎರಡನೇ ಮನೆಯಲ್ಲಿ 'ಸಿಗ್ನಲ್ಸ್ ಓದಬೇಕು' ಅಂತ ಬರೆದೆ. ಮುಂದಿನ ಭಾನುವಾರ ಅದನ್ನೇ ಹೊಸ ಹಾಳೆಗೆ ಇಳಿಸಿದೆ. ಅದರ ಮುಂದಿನ ಭಾನುವಾರವೂ ಅಷ್ಟೇ. ಪರೀಕ್ಷೆಗೆ ಎರಡು ದಿನ ಇದ್ದಾಗ ಅದು ತಾನಾಗಿಯೇ ಮೊದಲ ಮನೆಗೆ ಬಂತು. ಸಿಗ್ನಲ್ಸ್‌ನ ಕನ್ವಲ್ಯೂಷನ್ ಲೆಕ್ಕ ಒಂದು ರಾತ್ರಿಯಲ್ಲಿ ಕೈಗೆ ಹತ್ತುವುದಿಲ್ಲ. 25ಕ್ಕೆ 9 ಬಂತು. ಕ್ಲಬ್ ಬಿಟ್ಟೆ. ಎರಡನೇ ಇಂಟರ್ನಲ್ಸ್‌ನಲ್ಲೂ ಅದೇ ಕಥೆ.

ಆ ಒಂದು ಸಾಲೇ ನನ್ನ ತಪ್ಪು. 'ಸಿಗ್ನಲ್ಸ್ ಓದಬೇಕು' ಅನ್ನುವುದು ಕೆಲಸ ಅಲ್ಲ, ಒಂದು ಸಬ್ಜೆಕ್ಟಿನ ಹೆಸರು. ಎಲ್ಲಿಂದ ಶುರು, ಎಲ್ಲಿಗೆ ಮುಗಿಯಿತು ಅಂತ ಅದರಲ್ಲಿ ಇಲ್ಲ. ಹಾಗಾಗಿ ಖಾಲಿ ಸಂಜೆ ಸಿಕ್ಕಾಗಲೂ ಕೈ ಬೇರೆ ಕೆಲಸದ ಕಡೆಗೇ ಹೋಗುತ್ತಿತ್ತು. ಸ್ಪಾನ್ಸರ್‌ಗೆ ಮೇಲ್ ಕಳಿಸುವುದು ಇಪ್ಪತ್ತು ನಿಮಿಷದ ಕೆಲಸ, ಮುಗಿದದ್ದು ಕಣ್ಣಿಗೆ ಕಾಣುತ್ತೆ. ಅದು ಯಾವಾಗಲೂ ಗೆಲ್ಲುತ್ತಿತ್ತು. ಒಂದೇ ಸಾಲನ್ನು ಎರಡನೇ ಸಲ ನಕಲು ಮಾಡುತ್ತಿದ್ದೀರಿ ಅಂದರೆ ನಿಮಗೂ ಇದೇ ಆಗುತ್ತಿದೆ ಅಂತ ತಿಳಿಯಿರಿ.

ಆಮೇಲೆ ಸಾಲನ್ನು ಬದಲಿಸಿದೆ: 'ಮಂಗಳವಾರ ಸಂಜೆ 5ರಿಂದ 6:30, ಲೈಬ್ರರಿ, ಕನ್ವಲ್ಯೂಷನ್ ಸಮ್, ಹಳೇ ಪ್ರಶ್ನೆಪತ್ರಿಕೆಯ ನಾಲ್ಕು ಲೆಕ್ಕ.' ಇಂಥವು ವಾರಕ್ಕೆ ಮೂರೇ. ಜಾಸ್ತಿ ಬರೆದರೆ ಆಗುವುದಿಲ್ಲ. ಭಾನುವಾರ ಇವಕ್ಕೆ ಮೊದಲು ಜಾಗ ಹಿಡಿದಿಟ್ಟು, ಉಳಿದ ಹೊತ್ತಿಗೆ ಅಸೈನ್‌ಮೆಂಟ್, ರೆಕಾರ್ಡ್, ಮುಂದೆ ವಾಪಸ್ ಸೇರಿದ ಮೇಲೆ ಕ್ಲಬ್ ಕೆಲಸವನ್ನೂ ಹಾಕುತ್ತಿದ್ದೆ.

ಕ್ಲಬ್ಬನ್ನೂ ಇಡಿಯಾಗಿ ಒಂದು ಮನೆಗೆ ತಳ್ಳಬೇಡಿ. ಇವತ್ತು ನಾನು ಮಾಡದಿದ್ದರೆ ಯಾರ ಕೆಲಸ ನಿಲ್ಲುತ್ತೆ ಅಂತ ಕೇಳಿಕೊಳ್ಳಿ. ಪ್ರಿಂಟರ್‌ಗೆ ಗುರುವಾರ ಬ್ಯಾನರ್ ಫೈಲ್ ಹೋಗಲೇಬೇಕು ಅಂದರೆ ಅದು ನಿಜವಾದ ತುರ್ತು. ರಾತ್ರಿ ಹತ್ತಕ್ಕೆ ಗ್ರೂಪಿನಲ್ಲಿ ಟೀ ಶರ್ಟ್ ಬಣ್ಣದ ಚರ್ಚೆ ತುರ್ತಲ್ಲ, ಸುಮ್ನೆ ಸದ್ದು. ಅದಕ್ಕೆ ಮರುದಿನ ಊಟದ ಬಿಡುವಿನಲ್ಲಿ ಉತ್ತರ ಕೊಟ್ಟರೂ ಏನೂ ಆಗುವುದಿಲ್ಲ.

ಬುಧವಾರ ರಾತ್ರಿ ಹತ್ತು ನಿಮಿಷ ಹಾಳೆ ಮತ್ತೆ ನೋಡಿ. ಅಷ್ಟೊತ್ತಿಗೆ ಯಾವುದಾದರೂ ಅಸೈನ್‌ಮೆಂಟಿನ ದಿನಾಂಕ ಬದಲಾಗಿರುತ್ತೆ, ಲ್ಯಾಬ್ ಮುಂದಕ್ಕೆ ಹೋಗಿರುತ್ತೆ. ಮಂಗಳವಾರದ ಲೆಕ್ಕ ತಪ್ಪಿಹೋಗಿದ್ದರೆ ಶುಕ್ರವಾರಕ್ಕೆ ಬರೆಯಿರಿ, ಮುಂದಿನ ವಾರಕ್ಕೆ ಬೇಡ.

ಆರನೇ ಸೆಮಿಸ್ಟರ್‌ನಲ್ಲಿ ನಾನು ಕ್ಲಬ್ಬಿಗೆ ವಾಪಸ್ ಸೇರಿದೆ. ಇಂಟರ್ನಲ್ಸ್ ನಡೆಯುವ ವಾರ ಮಾತ್ರ ಈ ನಾಲ್ಕು ಮನೆ ಹಾಕುತ್ತಿರಲಿಲ್ಲ. ಆ ವಾರ ಎಲ್ಲವೂ ಮೊದಲ ಮನೆಗೇ ಬರುವುದು ಸಹಜ, ಪರೀಕ್ಷೆಯ ಟೈಮ್‌ಟೇಬಲ್ ಒಂದೇ ಸಾಕು.