ಊಟದ ವೇಗ ಮತ್ತು ಹೊಟ್ಟೆ ತುಂಬಿದ ಅರಿವು

ಪ್ರಶ್ನೆ: ನಾನು ಏಳೆಂಟು ನಿಮಿಷಗಳಲ್ಲಿ ಊಟ ಮುಗಿಸುತ್ತೇನೆ, ಆಮೇಲೆ ಹೊಟ್ಟೆ ಭಾರವಾಗುತ್ತದೆ. ನಿಧಾನವಾಗಿ ತಿಂದರೆ ನಿಜಕ್ಕೂ ಕಡಿಮೆ ತಿನ್ನುತ್ತೇವೆಯೇ?

ಉತ್ತರ: ಬಹುಮಟ್ಟಿಗೆ ಹೌದು. ಜಠರ ಹಿಗ್ಗಿದ ಸುದ್ದಿಯನ್ನು ವೇಗಸ್ ನರವು ಮಿದುಳಿಗೆ ಬೇಗನೆ ಮುಟ್ಟಿಸುತ್ತದೆಯಾದರೂ, ತೃಪ್ತಿಯನ್ನು ಗಟ್ಟಿಗೊಳಿಸುವ ಹಾರ್ಮೋನುಗಳು ಆಹಾರವು ಸಣ್ಣ ಕರುಳನ್ನು ತಲುಪಿದ ಮೇಲೆಯೇ ಏರತೊಡಗುವುದರಿಂದ, ಅವುಗಳ ಪೂರ್ಣ ಪರಿಣಾಮಕ್ಕೆ ಸಾಕಷ್ಟು ಸಮಯ ಬೇಕು. ನೀವು ಎಂಟನೆಯ ನಿಮಿಷಕ್ಕೆ ಎರಡನೆಯ ಬಾರಿ ಬಡಿಸಿಕೊಂಡು ಮುಗಿಸಿರುತ್ತೀರಿ. ಮೊದಲು ಬಡಿಸಿಕೊಂಡ ಊಟದ ಸಂಕೇತವೇ ಆಗ ಪೂರ್ತಿ ತಲುಪಿರುವುದಿಲ್ಲ. ಎದ್ದ ಕಾಲು ಗಂಟೆಯ ನಂತರ ಭಾರವೆನಿಸುವುದು ಇದರ ಗುರುತು.

2010ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆರೋಗ್ಯವಂತ ಪುರುಷರು 300 ಮಿ.ಲೀ. ಐಸ್‌ಕ್ರೀಮನ್ನು ಒಮ್ಮೆ 5 ನಿಮಿಷಗಳಲ್ಲಿ, ಇನ್ನೊಮ್ಮೆ 30 ನಿಮಿಷಗಳಲ್ಲಿ ತಿಂದಾಗ, ನಿಧಾನವಾಗಿ ತಿಂದ ದಿನ ಪಿವೈವೈ ಮತ್ತು ಜಿಎಲ್‌ಪಿ-1 ಎಂಬ ತೃಪ್ತಿಯ ಹಾರ್ಮೋನುಗಳು ಹೆಚ್ಚು ಏರಿದವು. ಆದರೆ ಹಾರ್ಮೋನು ಏರಿದ ಮಾತ್ರಕ್ಕೆ ತಿನ್ನುವ ಪ್ರಮಾಣ ತಾನಾಗಿ ಇಳಿಯುತ್ತದೆಂದು ಹೇಳಲಾಗದು.

ಹಾಗಾಗಿ ಊಟವನ್ನು ಇಪ್ಪತ್ತು ನಿಮಿಷಗಳಿಗೆ ಹಿಗ್ಗಿಸಿ. ಬಾಯಲ್ಲಿರುವುದನ್ನು ನುಂಗುವವರೆಗೆ ಮುಂದಿನ ತುತ್ತನ್ನು ಕೈಗೆತ್ತಿಕೊಳ್ಳಬೇಡಿ (ಅಗಿತಗಳನ್ನು ಎಣಿಸುತ್ತ ಕೂರುವುದಕ್ಕಿಂತ ಇದು ಸುಲಭವೆಂಬುದು ನನ್ನ ಅಭಿಪ್ರಾಯ). ಮೊದಲು ಎಂದಿನದಕ್ಕಿಂತ ತುಸು ಕಡಿಮೆ ಬಡಿಸಿಕೊಂಡು, ಅದು ಮುಗಿದ ಮೇಲೆ ಐದು ನಿಮಿಷ ಕಾದು, ಹಸಿವಿದ್ದರೆ ಮಾತ್ರ ಮತ್ತೆ ಬಡಿಸಿಕೊಳ್ಳಿ. ಪರದೆ ನೋಡುತ್ತ ನಿಧಾನವಾಗಿ ತಿಂದರೆ ಲಾಭ ಕಡಿಮೆ, ಏಕೆಂದರೆ ಸಂಕೇತ ಬಂದರೂ ಗಮನ ಬೇರೆಡೆ ಇರುತ್ತದೆ.