ಮೆಕ್ಕೆಜೋಳ ಕೊಚ್ಚಿಗೆ: ಲಾರಿಯೋ, ಹಡಗೋ?

"ದಾವಣಗೆರೆಯಿಂದ ಕೊಚ್ಚಿಗೆ ಮೆಕ್ಕೆಜೋಳ ಕಳಿಸ್ತೀವಿ. ಮಂಗಳೂರಿಂದ ಹಡಗಿಗೆ ಹಾಕಿದ್ರೆ ಅಗ್ಗ ಆಗುತ್ತಾ?"

ಒಂದೆರಡು ಲೋಡಿಗಾದರೆ ಬೇಡ ಸರ್. ಮಂಗಳೂರಿಂದ ಕೊಚ್ಚಿಗೆ ಹಡಗು ಸುಮಾರು ಒಂದು ದಿನದಲ್ಲಿ ಹೋಗುತ್ತದೆ, ನಿಜ. ಆದರೆ ಘಾಟಿ ಇಳಿದು ಬಂದರಿನಲ್ಲಿ ಹಡಗಿಗೆ ಕಾಯುವುದರಲ್ಲೇ ವಾರ ಕಳೆಯಬಹುದು. ಲಾರಿ ಅಷ್ಟರಲ್ಲಿ ಹೋಗಿ ವಾಪಸ್ ಬಂದಿರುತ್ತದೆ.

ಹಮಾಲಿ ಲೆಕ್ಕ ಇನ್ನೂ ಮುಖ್ಯ. ಲಾರಿಗೆ ಒಮ್ಮೆ ಹೇರಿ ಒಮ್ಮೆ ಇಳಿಸಿದರೆ ಮುಗೀತು. ಬಿಡಿ ಚೀಲ ಹಡಗಿಗೆ ಹೋದರೆ ಮೂರು ಸಲ ಹೇರಬೇಕು, ಮೂರು ಸಲ ಇಳಿಸಬೇಕು. ಪ್ರತಿ ಸಲವೂ ಕೊಕ್ಕೆ ಬಿದ್ದು ಚೀಲ ಹರಿಯುತ್ತದೆ, ಕಾಳು ಸೋರುತ್ತದೆ.

ಲೋಡು ಜಾಸ್ತಿ ಇದ್ದು, ಗಿರಾಕಿಗೆ ಅವಸರ ಇಲ್ಲದಿದ್ದರೆ ನಿಮ್ಮ ಗೋದಾಮಿನಲ್ಲೇ ಕಂಟೇನರ್ ತುಂಬಿ ಸೀಲ್ ಮಾಡಿಸಿ. ಆಗ ಚೀಲ ಮುಟ್ಟುವುದು ಎರಡೇ ಸಲ. ತೇವ ಮಾತ್ರ 14% ದಾಟಬಾರದು. ದಾಟಿದರೆ ಕಂಟೇನರ್ ಒಳಗೆ ಬೆವರಿ, ಮೇಲಿನ ಸಾಲಿನ ಚೀಲಗಳಿಗೆ ಬೂಷ್ಟು ಹಿಡಿಯುತ್ತದೆ.