ಲೇಸರ್ ಯಂತ್ರ ಲೀಸ್‌ಗೋ ಸ್ವಂತಕ್ಕೋ: ಕುಮಟಾದ ಒಂದು ಕ್ಲಿನಿಕ್ಕಿನ ಲೆಕ್ಕ

ಪ್ರಶ್ನೆ: ಶಿರಸಿಯಲ್ಲಿ ನನ್ನದು ಸಣ್ಣ ಸ್ಕಿನ್ ಕ್ಲಿನಿಕ್. ಕೂದಲು ತೆಗೆಯುವ ಡಯೋಡ್ ಲೇಸರ್‌ಗೆ 14 ಲಕ್ಷದ ಕೊಟೇಶನ್ ಬಂದಿದೆ. ಲೀಸ್ ಆದರೆ ತಿಂಗಳಿಗೆ 48 ಸಾವಿರ ಮತ್ತು ಜಿಎಸ್‌ಟಿ, ಮೂರು ವರ್ಷ. ಸಾಲ ಮಾಡಿ ಕೊಳ್ಳಲೋ, ಲೀಸ್ ತಗೊಳ್ಳಲೋ?

ಎರಡಕ್ಕೂ ಈಗಲೇ ಸಹಿ ಹಾಕಬೇಡಿ. ಮೊದಲು ಆರು ತಿಂಗಳು ದಿನಬಾಡಿಗೆಗೆ ಯಂತ್ರ ತರಿಸಿ. ಬಾಡಿಗೆಗೆ ಕೊಡುವವರು ಹುಬ್ಬಳ್ಳಿ ಕಡೆಯಲ್ಲಿ ವಿಚಾರಿಸಿದರೆ ಸಿಗುತ್ತಾರೆ, ಹುಬ್ಬಳ್ಳಿ ನಿಮಗೆ ನನಗಿಂತ ಹತ್ತಿರ. ತಿಂಗಳಿಗೆ ಎರಡು ದಿನ ಗೊತ್ತು ಮಾಡಿ, ಆ ದಿನಗಳಿಗೇ ಪೇಶಂಟ್‌ಗಳನ್ನು ಒಟ್ಟು ಮಾಡಿ. ಒಬ್ಬರ ಎರಡು ಸಿಟ್ಟಿಂಗ್ ನಡುವೆ ಹೇಗೂ ನಾಲ್ಕರಿಂದ ಆರು ವಾರ ಬೇಕು, ಹಾಗಾಗಿ ಯಾರಿಗೂ ತೊಂದರೆಯಿಲ್ಲ. ನಾನು ಹೀಗೆ ಮಾಡದೆ 2022ರ ನವೆಂಬರಿನಲ್ಲಿ ನೇರವಾಗಿ ಮೂರು ವರ್ಷದ ಲೀಸ್‌ಗೆ ಹೋದೆ. ನನ್ನ ಲೀಸ್‌ನ ಮೊತ್ತವೂ ಹೆಚ್ಚುಕಮ್ಮಿ ನಿಮಗೆ ಹೇಳಿದಷ್ಟೇ ಇತ್ತು.

ಮೊದಲ ವರ್ಷ ತಿಂಗಳಿಗೆ ಸರಾಸರಿ 45 ಸಿಟ್ಟಿಂಗ್ ಆದವು. ಎರಡನೇ ವರ್ಷ ಅದು 27ಕ್ಕೆ ಇಳಿಯಿತು. ಕ್ಲಿನಿಕ್ ಕೆಟ್ಟಿರಲಿಲ್ಲ, ಊರು ಸಣ್ಣದು ಅಷ್ಟೇ. ಇಷ್ಟು ವರ್ಷ ಹುಬ್ಬಳ್ಳಿಗೋ ಗೋವಾಕ್ಕೋ ಹೋಗಬೇಕೆಂದು ಸುಮ್ಮನಿದ್ದವರೆಲ್ಲ ಮೊದಲ ವರ್ಷವೇ ಬಂದುಬಿಡುತ್ತಾರೆ. ಆರೆಂಟು ಸಿಟ್ಟಿಂಗ್ ಮುಗಿದ ಮೇಲೆ ಅವರು ವರ್ಷಕ್ಕೊಮ್ಮೆ ಬಂದರೆ ಹೆಚ್ಚು. ಆಮೇಲೆ ಯಂತ್ರವನ್ನು ಸಾಕುವವರು ಹೊಸಬರು ಮಾತ್ರ. ಆದ್ದರಿಂದ ಬಾಡಿಗೆಯ ಆರು ತಿಂಗಳಲ್ಲಿ ಸಿಟ್ಟಿಂಗ್ ಎಣಿಸಬೇಡಿ, ಹೊಸ ಮುಖಗಳನ್ನು ಎಣಿಸಿ. ಆ ಆರು ತಿಂಗಳಲ್ಲಿ ಮದುವೆಯ ಸೀಸನ್ನೂ ಬರಲಿ, ಮಳೆಗಾಲವೂ ಬರಲಿ.

ಈಗ ಲೆಕ್ಕ. ಪ್ಯಾಕೇಜಿನ ರಿಯಾಯಿತಿ ಕಳೆದು ನನಗೆ ಒಂದು ಸಿಟ್ಟಿಂಗ್‌ಗೆ ಸರಾಸರಿ 2,200 ರೂಪಾಯಿ ಬರುತ್ತದೆ. ಜೆಲ್, ರೇಜರ್, ಸಿಬ್ಬಂದಿಯ ಇನ್ಸೆಂಟಿವ್ ಸೇರಿ 300 ಹೋಗುತ್ತದೆ. ಸ್ವಂತ ಯಂತ್ರವಾದರೆ ಹ್ಯಾಂಡ್‌ಪೀಸ್ ಸವೆತಕ್ಕೆ ಇನ್ನೊಂದು 150 ತೆಗೆದಿಡಬೇಕು. ಉಳಿಯುವುದು 1,750. ನಿಮ್ಮ 14 ಲಕ್ಷದಲ್ಲಿ 2.8 ಲಕ್ಷ ಕೈಯಿಂದ ಹಾಕಿ, ಉಳಿದದ್ದಕ್ಕೆ ಶೇ. 11ರ ಬಡ್ಡಿಯಲ್ಲಿ ನಾಲ್ಕು ವರ್ಷದ ಸಾಲ ಮಾಡಿದರೆ ಕಂತು ಸುಮಾರು 29,000. ಬಿಡಿಭಾಗಗಳೂ ಸೇರಿದ ವಾರ್ಷಿಕ ನಿರ್ವಹಣಾ ಒಪ್ಪಂದಕ್ಕೆ ತಿಂಗಳಿಗೆ 9,000 ಇಡಿ, ಎಸಿ, ಕರೆಂಟ್, ಟೆಕ್ನಿಶಿಯನ್ ಪಾಲು 10,000 ಇಡಿ. ಒಟ್ಟು 48,000. ಅಂದರೆ ತಿಂಗಳಿಗೆ 28 ಸಿಟ್ಟಿಂಗ್ ಆದರೆ ಅಸಲು.

ಲೀಸ್‌ನಲ್ಲಿ 48,000 ಎನ್ನುವುದು, ಜಿಎಸ್‌ಟಿ ಶೇ. 18 ಎಂದು ಹಿಡಿದರೆ, 56,640. ಎಸಿ, ಕರೆಂಟ್ ವಗೈರೆ ಕೂಡಿಸಿದರೆ 66,640. ಹ್ಯಾಂಡ್‌ಪೀಸ್ ಅವರದೇ ಆದ್ದರಿಂದ ಸಿಟ್ಟಿಂಗ್‌ಗೆ 1,900 ಉಳಿಯುತ್ತದೆ, ಆದರೂ 36 ಸಿಟ್ಟಿಂಗ್ ಬೇಕು. ಆರು ಸಿಟ್ಟಿಂಗ್ ಹೇಳಿದರೂ ಎಲ್ಲರೂ ಮುಗಿಸುವುದಿಲ್ಲ, ನನ್ನಲ್ಲಿ ತಲೆಗೆ ನಾಲ್ಕೂವರೆ ಬೀಳುತ್ತದೆ. ಆ ಪ್ರಕಾರ ಕೊಳ್ಳಲು ತಿಂಗಳಿಗೆ ಸುಮಾರು ಆರು ಜನ ಹೊಸಬರು ಬೇಕು, ಲೀಸ್‌ಗೆ ಎಂಟು. ನಾಲ್ಕು ವರ್ಷ ಕಳೆದು ಕಂತು ತೀರಿತೆಂದರೆ ಸ್ವಂತ ಯಂತ್ರಕ್ಕೆ 11 ಸಿಟ್ಟಿಂಗ್ ಸಾಕು. ಲೀಸ್‌ಗೆ ಆ ದಿನ ಬರುವುದೇ ಇಲ್ಲ.

ಹಾಗಾದರೆ ಲೀಸ್‌ಗೆ ಹೆಚ್ಚು ಕೊಡುವುದು ಯಾತಕ್ಕೆ? ಯಂತ್ರ ಕೆಟ್ಟರೆ ಅದು ಅವರ ತಲೆನೋವು ಎಂಬ ಧೈರ್ಯಕ್ಕೆ. ಆ ಧೈರ್ಯ ನಮ್ಮ ಮಳೆಗಾಲದಲ್ಲಿ ಎಷ್ಟು ನಿಲ್ಲುತ್ತದೆ ಎನ್ನುವುದು ನನಗೆ 2024ರ ಜುಲೈನಲ್ಲಿ ಗೊತ್ತಾಯಿತು.

ಡಯೋಡ್ ಲೇಸರ್‌ನ ಹ್ಯಾಂಡ್‌ಪೀಸ್ ಒಳಗೆ ತಂಪು ನೀರು ಓಡುತ್ತಿರುತ್ತದೆ. ನನ್ನ ಯಂತ್ರದಲ್ಲಿ ಅದು 22 ಡಿಗ್ರಿ, ಚರ್ಮಕ್ಕೆ ತಾಗುವ ನೀಲಮಣಿ ತುದಿ 5 ಡಿಗ್ರಿ. ಕೋಣೆ 28 ಡಿಗ್ರಿ ಇದ್ದು ತೇವಾಂಶ ಶೇ. 85 ಇದ್ದರೆ, 25 ಡಿಗ್ರಿಗಿಂತ ತಂಪಾದ ಯಾವುದರ ಮೇಲಾದರೂ ಇಬ್ಬನಿ ಕೂರುತ್ತದೆ. ಅಂದರೆ ತುದಿಯ ಮೇಲೆ ಮಾತ್ರವಲ್ಲ, ಒಳಗಿನ ಡಯೋಡ್ ಪಟ್ಟಿಗಳ ಮೇಲೂ. ಆ ವಾರ ದಿನಕ್ಕೆ ನಾಲ್ಕೈದು ಸಲ ಕರೆಂಟ್ ಹೋಗುತ್ತಿತ್ತು. ಯುಪಿಎಸ್ ಮೇಲೆ ಯಂತ್ರ ಓಡುತ್ತಿತ್ತು, ಎಸಿ ನಿಂತಿರುತ್ತಿತ್ತು. "ಮೇಡಂ, ಒರೆಸಿದಷ್ಟೂ ಒದ್ದೆ ಆಗ್ತದೆ" ಎಂದು ನಮ್ಮ ಸಿಸ್ಟರ್ ಎರಡು ದಿನದಿಂದ ಹೇಳುತ್ತಿದ್ದಳು. ಮೂರನೇ ದಿನ ಒಬ್ಬ ಹುಡುಗಿ "ಹೋದ ಸಲ ಚುಚ್ಚಿದ ಹಾಗೆ ಈ ಸಲ ಚುಚ್ಚಲೇ ಇಲ್ಲ" ಎಂದಳು. ತುದಿಯನ್ನು ಬೆಳಕಿಗೆ ಹಿಡಿದು ನೋಡಿದೆ. ಗಾಜಿನ ಒಳಬದಿಯಲ್ಲಿ, ಬಟ್ಟೆಗೆ ಸಿಗದ ಹಾಗೆ, ಹಾಲಿನ ಪೊರೆಯಂಥ ಮಸುಕು. ಅಷ್ಟರಲ್ಲಿ ಶಕ್ತಿ ಇಳಿದಿತ್ತು. ಪೇಶಂಟ್‌ಗೆ ನೋವು ಕಮ್ಮಿಯಾಗುವುದು, ಎರಡು ವಾರ ಕಳೆದರೂ ಕೂದಲು ಉದುರದೆ ನಿಲ್ಲುವುದು, ಇವೆರಡೇ ಇದರ ಮೊದಲ ಗುರುತು. ಪರದೆಯ ಮೇಲೆ ಜೂಲ್ ಅಂಕಿ ಎಂದಿನಂತೆಯೇ ಇರುತ್ತದೆ.

ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿದ ಸಮಯ ಅದು. ಎಂಜಿನಿಯರ್ ಬರಲು ಒಂಬತ್ತು ದಿನ ಆಯಿತು. ಬಂದವರು ಬಿಚ್ಚಿ ನೋಡಿ "ತೇವಾಂಶದಿಂದ ಆದ ಹಾನಿ" ಎಂದು ಬರೆದರು. ಲೀಸ್ ಕರಾರಿನಲ್ಲಿ ಅದಕ್ಕೆ ರಕ್ಷಣೆ ಇರಲಿಲ್ಲ, ಬದಲಿ ಹ್ಯಾಂಡ್‌ಪೀಸಿನ 3.8 ಲಕ್ಷ ನನ್ನ ಮೇಲೆ ಬಿತ್ತು. ಒಟ್ಟು 23 ದಿನ ಯಂತ್ರ ಬಂದ್, ಬಾಡಿಗೆ ಮಾತ್ರ ಪೂರ್ತಿ. ಪ್ಯಾಕೇಜ್ ಹಣ ಮುಂಗಡ ಕೊಟ್ಟು ಕಾಯುತ್ತಿದ್ದವರಿಗೆ ಫೋನ್ ಮಾಡಿ ಕ್ಷಮೆ ಕೇಳುವುದು ಹಣ ಹೋದದ್ದಕ್ಕಿಂತ ಕಷ್ಟವಾಯಿತು. ಮುಂಗಡವನ್ನು ನಾನು ಆದಾಯವೆಂದು ಖರ್ಚು ಮಾಡಿದ್ದೆ, ಅದು ತಪ್ಪು. ಸಿಟ್ಟಿಂಗ್ ಮುಗಿಯುವ ತನಕ ಅದು ಸಾಲವೇ.

ಹ್ಯಾಂಡ್‌ಪೀಸ್ ಒಂದು ಕೋಟಿ ಶಾಟ್ ಬಾಳುತ್ತದೆ ಎಂದು ಮಾರುವವರು ಹೇಳಿದ್ದರು. ಒಂದು ಸಿಟ್ಟಿಂಗ್‌ಗೆ ನಾಲ್ಕು ಸಾವಿರ ಶಾಟ್ ಹಿಡಿದರೂ ನಮ್ಮ ಲೆಕ್ಕದಲ್ಲಿ ಅದು ಏಳೆಂಟು ವರ್ಷದ ಬಾಳಿಕೆ. ನಮ್ಮ ಕಡೆ ಅದು ಶಾಟ್ ಮುಗಿದು ಸಾಯುವುದಿಲ್ಲ, ತೇವದಿಂದ ಸಾಯುತ್ತದೆ.

ಲೀಸ್ ಮುಗಿದ ಮೇಲೆ ನಾನು ಸಾಲ ಮಾಡಿ ಕೊಂಡೆ. ಈಗ ಯಂತ್ರ ಹಚ್ಚುವ 40 ನಿಮಿಷ ಮೊದಲು ಎಸಿ ಹಚ್ಚುತ್ತೇವೆ, ಡಿಹ್ಯುಮಿಡಿಫೈಯರ್ ಮಳೆಗಾಲವಿಡೀ ಓಡುತ್ತದೆ. ಗೋಡೆಯ ತೇವಮಾಪಕ 60 ದಾಟಿದರೆ ಸಿಟ್ಟಿಂಗ್ ಇಲ್ಲ. ಕರೆಂಟ್ ಹೋದರೆ ಯುಪಿಎಸ್ ಇದ್ದರೂ ನಿಲ್ಲಿಸುತ್ತೇವೆ. ಶಿರಸಿ ಘಟ್ಟದ ಮೇಲಿದ್ದರೂ ಜುಲೈನಲ್ಲಿ ನಿಮ್ಮ ಗೋಡೆಗಳೂ ಬೆವರುತ್ತವೆ, ಈ ಖರ್ಚು ನಿಮಗೂ ತಪ್ಪದು.

ತೆರಿಗೆ ಉಳಿಯುತ್ತದೆ ಎಂಬ ಮಾತಿಗೆ ಲೀಸ್ ಹಿಡಿಯಬೇಡಿ. ನೀವು ಆದಾಯದ ಅರ್ಧವನ್ನೇ ಲಾಭವೆಂದು ತೋರಿಸುವ ಅಂದಾಜು ಪದ್ಧತಿಯಲ್ಲಿ ರಿಟರ್ನ್ ಹಾಕುತ್ತಿದ್ದರೆ ಲೀಸ್ ಬಾಡಿಗೆಯೂ ಸವಕಳಿಯೂ ಬೇರೆಯಾಗಿ ಕಳೆಯಲು ಬರುವುದಿಲ್ಲ. ಜಿಎಸ್‌ಟಿ ನೋಂದಣಿ ಇಲ್ಲದಿದ್ದರೆ ಬಾಡಿಗೆಯ ಮೇಲಿನ ತೆರಿಗೆ ಪೂರ್ತಿ ನಿಮ್ಮ ಖರ್ಚೇ. ಕೂದಲು ತೆಗೆಯುವುದು ಸೌಂದರ್ಯ ಚಿಕಿತ್ಸೆ, ಕಜ್ಜಿ, ಸೋರಿಯಾಸಿಸ್ ಚಿಕಿತ್ಸೆಗೆ ಇರುವ ವಿನಾಯಿತಿ ಇದಕ್ಕಿಲ್ಲ ಎಂಬುದನ್ನೂ ಆಡಿಟರ್ ಹತ್ತಿರ ಮಾತಾಡಿ.

ಆರು ತಿಂಗಳಲ್ಲಿ ತಿಂಗಳಿಗೆ ಆರು ಹೊಸಬರೂ ಸಿಗದಿದ್ದರೆ ದಿನಬಾಡಿಗೆಯಲ್ಲೇ ಮುಂದುವರಿಯಿರಿ. ಆರು ದಾಟಿದರೆ ಕೊಳ್ಳಿ. ಎಂಟು ದಾಟಿಯೂ ಸಾಲ ಬೇಡವೆನಿಸಿದರೆ ಮಾತ್ರ ಲೀಸ್, ಅದೂ ಮೂರು ಸಾಲು ಕರಾರಿನಲ್ಲಿ ಬರೆಸಿಕೊಂಡು: ತೇವಮಾಪಕದ ದಾಖಲೆ ಇಟ್ಟಿದ್ದರೆ ತೇವಾಂಶದ ಹಾನಿಯೂ ಅವರದು, ಯಂತ್ರ ಮೂರು ದಿನಕ್ಕಿಂತ ಹೆಚ್ಚು ನಿಂತರೆ ಅಲ್ಲಿಂದ ಬಾಡಿಗೆ ಇಲ್ಲ, ಹನ್ನೆರಡು ತಿಂಗಳ ನಂತರ ಒಂದು ತಿಂಗಳ ನೋಟಿಸ್ ಕೊಟ್ಟು ಯಂತ್ರ ಹಿಂದಿರುಗಿಸಬಹುದು.